ಎರಡು ಫ್ಲಿಪ್-ಫ್ಲಾಪ್‌ಗಳಲ್ಲಿ ಸಿಗ್ನಲ್ ದೀಪ: ಮೂರ್ ಸರಿಯೋ, ಮೀಲಿ ಸರಿಯೋ?

ಒಂದು ದೊಡ್ಡ ರಸ್ತೆ, ಅದನ್ನು ದಾಟುವ ಒಂದು ಅಡ್ಡರಸ್ತೆ. ಅಡ್ಡರಸ್ತೆಯಲ್ಲಿ ವಾಹನ ನಿಂತಿದ್ದರೆ ಸೆನ್ಸರ್ `X = 1` ಕೊಡುತ್ತದೆ, ಇಲ್ಲದಿದ್ದರೆ `0`. ಕ್ಲಾಕ್ 5 ಸೆಕೆಂಡಿಗೊಮ್ಮೆ ಬಡಿಯುತ್ತದೆ ಎಂದುಕೊಳ್ಳಿ.

ದೀಪ ಯಾವುದು ಹತ್ತಬೇಕು ಎಂಬುದನ್ನು ಸ್ಟೇಟ್ ಒಂದೇ ನಿರ್ಧರಿಸಿದರೆ ಅದು ಮೂರ್ ಮಷೀನ್. ಸ್ಟೇಟ್ ಜೊತೆ ಆ ಕ್ಷಣದ ಇನ್‌ಪುಟ್ಟನ್ನೂ ನೋಡಿದರೆ ಮೀಲಿ. ಜಾರ್ಜ್ ಮೀಲಿ 1955ರಲ್ಲಿ, ಎಡ್ವರ್ಡ್ ಮೂರ್ 1956ರಲ್ಲಿ ಇವನ್ನು ವಿವರಿಸಿದರು.

ಮೀಲಿಯಲ್ಲಿ ಒಂದೇ ಫ್ಲಿಪ್-ಫ್ಲಾಪ್ ಸಾಕು. ದೊಡ್ಡ ರಸ್ತೆಗೆ ಹಸಿರು ಇದ್ದಾಗ `X` ಬಂದರೆ ತಕ್ಷಣ ಹಳದಿ ಹತ್ತಿಸಿ, ಮುಂದಿನ ಬಡಿತಕ್ಕೆ ಕೆಂಪು ಮಾಡಿದರಾಯಿತು. ಆದರೆ ವಾಹನ ಬಡಿತಕ್ಕೆ ಅರ್ಧ ಸೆಕೆಂಡ್ ಮೊದಲು ಬಂತು ಅನ್ನಿ. ಹಳದಿ ಅರ್ಧ ಸೆಕೆಂಡ್ ಮಾತ್ರ ಉರಿಯುತ್ತದೆ, ಚಾಲಕ ಬ್ರೇಕ್ ಒತ್ತುವುದಕ್ಕೂ ಸಮಯ ಇರುವುದಿಲ್ಲ. ಸೆನ್ಸರ್ ತೊದಲಿದರೆ ಹಸಿರು-ಹಳದಿ-ಹಸಿರು ಎಂದು ದೀಪವೂ ತೊದಲುತ್ತದೆ. ಹಾಗಾಗಿ ಇಲ್ಲಿ ಮೂರ್ ಬೇಕು. ಒಂದು ಫ್ಲಿಪ್-ಫ್ಲಾಪ್ ಜಾಸ್ತಿ ಆದರೂ ಪರವಾಗಿಲ್ಲ.

ಹೆಜ್ಜೆ 1: ಸ್ಟೇಟ್‌ಗಳಿಗೆ ಅಂಕಿ ಕೊಡಿ. ಎರಡು ಫ್ಲಿಪ್-ಫ್ಲಾಪ್‌ಗಳ ಔಟ್‌ಪುಟ್‌ಗಳು `Q1`, `Q0` ಎಂದಿರಲಿ. `Q1Q0` ಕ್ರಮದಲ್ಲಿ, ದೊಡ್ಡ ರಸ್ತೆಗೆ ಹಸಿರು `00`, ಹಳದಿ `01`. ಅಡ್ಡರಸ್ತೆಗೆ ಹಸಿರು `11`, ಹಳದಿ `10`. ಪ್ರತಿ ಸಲ ಒಂದೇ ಬಿಟ್ ಬದಲಾಗುವುದರಿಂದ ದಾಟುವಾಗ ತಪ್ಪು ದೀಪ ಮಿಣುಕುವುದಿಲ್ಲ.

ಹೆಜ್ಜೆ 2: ಮುಂದಿನ ಸ್ಟೇಟ್ ಬರೆಯಿರಿ. `00`ರಲ್ಲಿ `X` ಬರುವವರೆಗೆ ಕಾಯಬೇಕು, `11`ರಲ್ಲಿ `X` ಹೋಗುವವರೆಗೆ. ಹಳದಿ ಸ್ಟೇಟ್‌ಗಳು ಒಂದೇ ಬಡಿತದಲ್ಲಿ ಮುಂದೆ ಹೋಗುತ್ತವೆ. ಡಿ ಫ್ಲಿಪ್-ಫ್ಲಾಪ್‌ಗೆ ಸಿಗುವುದು ಇಷ್ಟೇ:

```
D1 = Q0
D0 = Q1'Q0 + XQ1' + XQ0
```

ಹೆಜ್ಜೆ 3: ದೀಪಗಳನ್ನು ಜೋಡಿಸಿ.

```
ದೊಡ್ಡ ರಸ್ತೆ: ಕೆಂಪು = Q1,  ಹಳದಿ = Q1'Q0, ಹಸಿರು = Q1'Q0'
ಅಡ್ಡರಸ್ತೆ:   ಕೆಂಪು = Q1', ಹಳದಿ = Q1Q0', ಹಸಿರು = Q1Q0
```

ಕೆಂಪುಗಳನ್ನು ನೋಡಿ. `Q1` ಏನೇ ಇರಲಿ, ಒಂದು ರಸ್ತೆಗಂತೂ ಕೆಂಪು ಇದ್ದೇ ಇರುತ್ತದೆ. ಎರಡೂ ಕಡೆ ಒಟ್ಟಿಗೆ ಹಸಿರು ಬರಲು ದಾರಿಯೇ ಇಲ್ಲ. ಈ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾಗುವುದು ಇದೇ.

ಹೆಜ್ಜೆ 4: ಕಟ್ಟಿ, ಪರೀಕ್ಷಿಸಿ. ಒಂದು 7474 ಚಿಪ್‌ನಲ್ಲೇ ಎರಡು ಡಿ ಫ್ಲಿಪ್-ಫ್ಲಾಪ್‌ಗಳಿವೆ. ಪವರ್ ಬಂದಾಗ `CLR` ಪಿನ್‌ಗಳನ್ನು ಕ್ಷಣಕಾಲ ಸೊನ್ನೆಗೆ ಎಳೆಯಿರಿ, ಆಗ `00`ಯಿಂದ ಶುರುವಾಗುತ್ತದೆ. `PRE` ಪಿನ್‌ಗಳನ್ನು ಸುಮ್ನೆ ತೇಲಲು ಬಿಡಬೇಡಿ, 5 ವೋಲ್ಟ್‌ಗೆ ಕಟ್ಟಿ. `X` ಕ್ಲಾಕ್‌ಗೆ ಹೊಂದಿಕೊಂಡು ಬರುವುದಿಲ್ಲ, ಅಲ್ವಾ? ಅದನ್ನು ಇನ್ನೆರಡು ಫ್ಲಿಪ್-ಫ್ಲಾಪ್‌ಗಳ ಮೂಲಕ ಹಾಯಿಸಿ ಒಳಗೆ ತನ್ನಿ. ನಂತರ `X = 1` ಕೊಟ್ಟರೆ `00`, `01`, `11` ಎಂದು ಹೋಗಿ ನಿಲ್ಲಬೇಕು. `X = 0` ಮಾಡಿದರೆ `10` ದಾಟಿ `00`ಗೆ ಮರಳಬೇಕು.

ಒಂದು ಕೊರತೆ ಇದೆ. ಅಡ್ಡರಸ್ತೆಯಲ್ಲಿ ವಾಹನ ಬರುತ್ತಲೇ ಇದ್ದರೆ ದೊಡ್ಡ ರಸ್ತೆಗೆ ಹಸಿರು ಸಿಗುವುದೇ ಇಲ್ಲ. ಒಂದು ಕೌಂಟರ್ ಇಟ್ಟು, `11`ರಲ್ಲಿ 6 ಬಡಿತ ಆದ ಮೇಲೆ `X` ಅನ್ನು ಸೊನ್ನೆ ಮಾಡಿ. `00`ರಲ್ಲೂ 6 ಬಡಿತ ಆಗುವವರೆಗೆ `X` ಅನ್ನು ತಡೆದಿಡಿ.