ರಾತ್ರಿ 2 ಗಂಟೆಗೆ ಸರ್ವರ್ ಉತ್ತರಿಸದಿದ್ದರೆ ಎಷ್ಟು ಹೊತ್ತು ಕಾಯಬೇಕು?

ನಮ್ಮ 40 ಶಾಖೆಗಳ ಕಂಪ್ಯೂಟರ್‌ಗಳು ಪ್ರತಿ ರಾತ್ರಿ ಸರಿಯಾಗಿ 2 ಗಂಟೆಗೆ ದಿನದ ಲೆಕ್ಕವನ್ನು ಹೊರಗಿನ ಸಂಸ್ಥೆಯೊಂದರ ಸರ್ವರ್‌ಗೆ ಕಳುಹಿಸುತ್ತಿದ್ದವು. ಒಂದು ರಾತ್ರಿ ಆ ಸರ್ವರ್ ಅರ್ಧ ನಿಮಿಷ ಏದುಸಿರು ಬಿಟ್ಟಿತು. ನಲವತ್ತೂ ಸೋತವು, ನಲವತ್ತೂ 5 ಸೆಕೆಂಡ್ ಕಾದು ಒಟ್ಟಿಗೇ ಮತ್ತೆ ಬಾಗಿಲು ಬಡಿದವು. ಎದ್ದು ನಿಲ್ಲಲು ಹೊರಟಿದ್ದ ಸರ್ವರ್ ಪುನಃ ಕುಸಿಯಿತು. ಬೆಳಿಗ್ಗೆ ಲಾಗ್ ತೆರೆದರೆ ದೋಷದ ಸಾಲುಗಳು 5 ಸೆಕೆಂಡಿಗೊಮ್ಮೆ ಗುಂಪುಗುಂಪಾಗಿ ನಿಂತಿದ್ದವು. ಈ ಕಾಯಿಲೆಯನ್ನು ಗುರುತಿಸುವುದು ಹೀಗೆಯೇ.

ಮೊದಲು, ಯಾವ ದೋಷಕ್ಕೆ ಮರುಪ್ರಯತ್ನ ಎಂದು ನಿರ್ಧರಿಸಿ. ಸಂಪರ್ಕ ಕಡಿದರೆ, ಕಾಲಮಿತಿ ಮೀರಿದರೆ, ಕರೆಗಳು ಅತಿಯಾದವು ಎನ್ನುವ 429 ಅಥವಾ ಸೇವೆ ಸದ್ಯಕ್ಕಿಲ್ಲ ಎನ್ನುವ 503 ಬಂದರೆ ಕಾದು ನೋಡಬಹುದು. 401 ಬಂದರೆ ಪಾಸ್‌ವರ್ಡೋ ಕೀಲಿಯೋ ತಪ್ಪಿದೆ. ನೂರು ಸಲ ಕೇಳಿದರೂ ಉತ್ತರ ಅದೇ.

ನಂತರ, ಕಾಯುವ ಅವಧಿಯ ಗರಿಷ್ಠ ಮಿತಿಯನ್ನು ಪ್ರತಿ ಸೋಲಿಗೂ ಇಮ್ಮಡಿಗೊಳಿಸಿ: 2, 4, 8, 16, 32 ಸೆಕೆಂಡ್. ಅದು 60 ದಾಟದಿರಲಿ. ಆದರೆ ಇಷ್ಟೇ ಸಾಲದು. ನಲವತ್ತೂ ಒಂದೇ ಕ್ಷಣದಲ್ಲಿ ಸೋತಿದ್ದರೆ ಒಂದೇ ಕ್ಷಣದಲ್ಲಿ ಇಮ್ಮಡಿಯಾಗುತ್ತವೆ. ಗುಂಪು ಒಡೆಯುವುದಿಲ್ಲ, ಗುಂಪುಗಳ ನಡುವಿನ ಅಂತರ ಹೆಚ್ಚುತ್ತದೆ ಅಷ್ಟೆ. ಅದನ್ನು ಒಡೆಯುವುದು ಜಿಟರ್: ಸೊನ್ನೆಯಿಂದ ಆ ಮಿತಿಯವರೆಗಿನ ಯಾವುದೋ ಒಂದು ಅವಧಿಯನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದು.

```python
wait = random.uniform(0, min(60, 2 * 2**n))
time.sleep(wait)
```

ಇಲ್ಲಿ `n` ಸೊನ್ನೆಯಿಂದ ಶುರುವಾಗುತ್ತದೆ. ನಾಲ್ಕನೆಯ ಸೋಲಿನ ನಂತರ ನಲವತ್ತು ಕರೆಗಳು 16 ಸೆಕೆಂಡುಗಳಲ್ಲಿ ಚದುರಿ, ಸೆಕೆಂಡಿಗೆ ಸರಾಸರಿ ಎರಡೂವರೆ ಮಾತ್ರ ತಲುಪುತ್ತವೆ. ಆರು ಮರುಪ್ರಯತ್ನಗಳಿಗೆ ಕಾಯುವುದು ಹೆಚ್ಚೆಂದರೆ 122 ಸೆಕೆಂಡ್, ಸರಾಸರಿ ಅದರ ಅರ್ಧ. ಉಪಾಯ ಹೊಸದೇನಲ್ಲ: ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದ ಹಳೆಯ ಈಥರ್ನೆಟ್ ಯಂತ್ರಗಳೂ ಡಿಕ್ಕಿಯಾದಾಗ ಹೀಗೆಯೇ ಚದುರುತ್ತಿದ್ದವು, 16 ಯತ್ನಗಳ ನಂತರ ಕೈಬಿಡುತ್ತಿದ್ದವು.

ಸರ್ವರ್ ತಾನೇ `Retry-After: 30` ಎಂದು ಹೇಳಿದರೆ ಆ 30 ಸೆಕೆಂಡ್ ಕಾಯಿರಿ, ಜಿಟರನ್ನು ಅದರ ಮೇಲೆ ಕೂಡಿಸಿ. ಎಲ್ಲರಿಗೂ 30 ಎಂದೇ ಹೇಳಿರುತ್ತದೆ.

ನಾನು ಹೆಚ್ಚು ಪೆಟ್ಟು ತಿಂದದ್ದು ಬೇರೆ ಕಡೆ. ಕಾಲಮಿತಿ ಮೀರಿತೆಂದರೆ ಕೆಲಸ ಆಗಲಿಲ್ಲ ಎಂದಲ್ಲ, ಉತ್ತರ ಬರಲಿಲ್ಲ ಎಂದಷ್ಟೇ. ಮರುಪ್ರಯತ್ನ ಸೇರಿಸಿದ ಮೊದಲ ವಾರ ಎರಡು ಶಾಖೆಗಳ ಲೆಕ್ಕ ಎರಡೆರಡು ಸಲ ದಾಖಲಾಯಿತು. ಈಗ ಶಾಖೆ ಮತ್ತು ದಿನಾಂಕ ಸೇರಿಸಿದ ಒಂದೇ ಗುರುತು ಸಂಖ್ಯೆಯನ್ನು ಪ್ರತಿ ಯತ್ನದಲ್ಲೂ ಕಳುಹಿಸುತ್ತೇವೆ. ಅದನ್ನು ಮೊದಲೇ ಕಂಡಿದ್ದರೆ ಸರ್ವರ್ ಹೊಸದಾಗಿ ದಾಖಲಿಸುವುದಿಲ್ಲ. ಎದುರಿನ ಸೇವೆ ಇದಕ್ಕೆ ಒಪ್ಪದಿದ್ದರೆ, ಕಳುಹಿಸುವ ಮುನ್ನ ದಾಖಲೆ ಇದೆಯೇ ಎಂದು ಕೇಳಿ ನೋಡಬೇಕು.

ಏಳನೆಯ ಯತ್ನವೂ ಸೋತರೆ ಸ್ಕ್ರಿಪ್ಟ್ ಸೊನ್ನೆಯಲ್ಲದ ನಿರ್ಗಮನ ಸಂಖ್ಯೆಯೊಂದಿಗೆ ನಿಲ್ಲಲಿ. ಕೊನೆಯ ದೋಷವನ್ನು ಲಾಗ್‌ಗೆ ಬರೆಯಲಿ. ನಮ್ಮ ಎಚ್ಚರಿಕೆ ಸಂದೇಶ ಹೊರಡುವುದು ಆ ಸಂಖ್ಯೆಯನ್ನು ನೋಡಿಯೇ. ಸಾಲಿನ ಕೊನೆಗೆ `|| true` ಸೇರಿಸಿ ಅದನ್ನು ಮೂರು ತಿಂಗಳು ಬಾಯಿ ಮುಚ್ಚಿಸಿದವರು ಯಾರೆಂದು ನಾನಿಲ್ಲಿ ಹೇಳಲಾರೆ.