ಅನಿಲ ಮೀಟರಿನ ಘನ ಮೀಟರನ್ನು ಯೂನಿಟ್ಟಿಗೆ ಪರಿವರ್ತಿಸುವಾಗ ನಮ್ಮ ಸೆಖೆಯೂ ಲೆಕ್ಕಕ್ಕೆ ಬರಬೇಕು

ಕೊಳವೆ ಅನಿಲದ ಸಂಪರ್ಕ ಪಡೆದ ಮಂಗಳೂರಿನ ಮನೆಯವರು ಅದರ ಬಳಕೆಯನ್ನು ಮೆಸ್ಕಾಂ ಬಿಲ್ಲಿನ ಯೂನಿಟ್ಟಿನೊಂದಿಗೆ, ಅಂದರೆ ಕಿಲೋವ್ಯಾಟ್-ಗಂಟೆಯೊಂದಿಗೆ, ಹೋಲಿಸಲು ಹೊರಟರೆ ಮೊದಲು ಎದುರಾಗುವ ತೊಡಕು ಅಳತೆಯದು. ಅನಿಲದ ಮೀಟರ್ ತನ್ನ ಮೂಲಕ ಹಾದುಹೋದ ಅನಿಲದ ಗಾತ್ರವನ್ನು ಘನ ಮೀಟರುಗಳಲ್ಲಿ ತೋರಿಸುತ್ತದೆಯೇ ಹೊರತು ಅದರಲ್ಲಿರುವ ಶಾಖವನ್ನಲ್ಲ.

ಎರಡು ತಿಂಗಳ ಹಿಂದಿನ ರೀಡಿಂಗ್ 112.4, ಇಂದಿನದು 134.9 ಎಂದಿಟ್ಟುಕೊಳ್ಳೋಣ. ದಶಮಾಂಶದ ನಂತರದ ಅಂಕಿಗಳು ಸಾಮಾನ್ಯವಾಗಿ ಕೆಂಪು ಬಣ್ಣದಲ್ಲಿರುತ್ತವೆ. ಅವನ್ನೂ ಪೂರ್ಣ ಘನ ಮೀಟರುಗಳ ಅಂಕಿಗಳೆಂದು ಓದಿದರೆ ಇಡೀ ಲೆಕ್ಕವೇ ಕೆಡುತ್ತದೆ. ಇಲ್ಲಿ ಬಳಕೆ 22.5 ಘನ ಮೀಟರ್.

ಮುಂದಿನ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಅನಿಲದ ಶಾಖಮೌಲ್ಯವನ್ನು ಹೇಳುವುದು 15 ಡಿಗ್ರಿ ಸೆಲ್ಸಿಯಸ್ ಮತ್ತು ಸಮುದ್ರಮಟ್ಟದ ವಾಯುಒತ್ತಡದಲ್ಲಿರುವ ಒಂದು ಘನ ಮೀಟರಿಗೆ. ಬ್ರಿಟನ್ನಿನ ಬಿಲ್ಲುಗಳಲ್ಲಿ ಬಳಸುವ 1.02264 ಎಂಬ ತಿದ್ದುಪಡಿ ಗುಣಕ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದಾದರೂ, ಅದು ಸುಮಾರು 12 ಡಿಗ್ರಿಯ ಚಳಿಗೆ ಹೊಂದಿಸಿದ ಸಂಖ್ಯೆ. ನಮ್ಮ ಕರಾವಳಿಯಲ್ಲಿ ಮೀಟರಿನ ಬಳಿ 28 ಡಿಗ್ರಿ ಇದ್ದರೆ ಅನಿಲ ಹಿಗ್ಗಿರುತ್ತದೆ. ಅಷ್ಟೇ ಗಾತ್ರದಲ್ಲಿ ಅನಿಲ ಕಡಿಮೆ ಇರುತ್ತದೆ. ಉಷ್ಣತೆಗಾಗಿ 288 ಅನ್ನು 301ರಿಂದ ಭಾಗಿಸಬೇಕು (ಎರಡೂ ಕೆಲ್ವಿನ್‌ನಲ್ಲಿ). ಮನೆಯ ಕೊಳವೆಯಲ್ಲಿರುವ 21 ಮಿಲಿಬಾರ್ ಹೆಚ್ಚುವರಿ ಒತ್ತಡಕ್ಕಾಗಿ 1034 ಅನ್ನು 1013ರಿಂದ ಭಾಗಿಸಬೇಕು. ಇವೆರಡರ ಗುಣಲಬ್ಧ ಸುಮಾರು 0.977, ಅಂದರೆ ಒಂದಕ್ಕಿಂತ ಕಡಿಮೆ. ಬಿಲ್ಲಿನಲ್ಲಿ ನಮೂದಿಸಿದ ಬಳಕೆಯು ಎರಡು ರೀಡಿಂಗುಗಳ ವ್ಯತ್ಯಾಸಕ್ಕೆ ಸಮವಾಗಿಲ್ಲದಿದ್ದರೆ ತಿದ್ದುಪಡಿ ಆಗಲೇ ಆಗಿರಬಹುದು. ಆಗ ಮತ್ತೊಮ್ಮೆ ಗುಣಿಸಬಾರದು.

ಬಿಲ್ಲಿನ ಶಾಖಮೌಲ್ಯ ಘನ ಮೀಟರಿಗೆ 9,200 ಕಿಲೋಕ್ಯಾಲರಿ ಎಂದಿದ್ದರೆ, ಒಂದು ಕಿಲೋವ್ಯಾಟ್-ಗಂಟೆಗೆ 860 ಕಿಲೋಕ್ಯಾಲರಿಯಂತೆ ಲೆಕ್ಕ ಹೀಗಾಗುತ್ತದೆ:

```
22.5 × 0.977 × 9200 ÷ 860 ≈ 235
```

ಬ್ರಿಟನ್ನಿನ ಗುಣಕ ಹಾಕಿದ್ದರೆ 246 ಬರುತ್ತಿತ್ತು. ಇದು ಇಲ್ಲದ ಹನ್ನೊಂದು ಯೂನಿಟ್ಟುಗಳನ್ನು ಸೇರಿಸಿದಂತೆ.

ಶಾಖಮೌಲ್ಯವನ್ನು ಮೆಗಾಜೂಲ್‌ನಲ್ಲಿ ಕೊಟ್ಟಿದ್ದರೆ 860ರ ಬದಲು 3.6ರಿಂದ ಭಾಗಿಸಬೇಕು. ಈ ಎರಡು ಭಾಜಕಗಳು ಅದಲುಬದಲಾದರೆ ಉತ್ತರ ಸಾವಿರಾರು ಯೂನಿಟ್ಟಿಗೆ ಏರುತ್ತದೆ ಇಲ್ಲವೇ ಒಂದೆರಡಕ್ಕೆ ಇಳಿಯುತ್ತದೆ. ಪ್ರಮಾಣಿತ ಒಂದು ಘನ ಮೀಟರಿಗೆ ಸುಮಾರು ಹತ್ತರಿಂದ ಹನ್ನೊಂದು ಯೂನಿಟ್ ಬಂದಿದೆಯೇ ಎಂದು ನೋಡಿದರೆ ಈ ತಪ್ಪು ಕೂಡಲೇ ಗೊತ್ತಾಗುತ್ತದೆ. ಒಂಬತ್ತೂವರೆಯ ಆಸುಪಾಸು ಬಂದರೆ ಮಾತ್ರ, ಕೊಟ್ಟಿರುವುದು ಒಟ್ಟು ಶಾಖಮೌಲ್ಯವೋ, ಹಬೆಯಾಗಿ ಹೋಗುವ ಶಾಖವನ್ನು ಕಳೆದ ನಿವ್ವಳ ಮೌಲ್ಯವೋ ಎಂದು ವಿಚಾರಿಸಬೇಕು, ಏಕೆಂದರೆ ಇವೆರಡರ ನಡುವೆ ಸರಿಸುಮಾರು ಶೇಕಡಾ ಹತ್ತರ ಅಂತರವಿದೆ.

ಹೀಗೆ ಸಿಕ್ಕ 235 ಯೂನಿಟ್ ಉರಿದ ಅನಿಲದಲ್ಲಿದ್ದ ಶಾಖವೇ ಹೊರತು ಪಾತ್ರೆಗೆ ತಲುಪಿದ ಶಾಖವಲ್ಲ. ಇಂಡಕ್ಷನ್ ಒಲೆಯ ಯೂನಿಟ್ಟಿನೊಂದಿಗೆ ಇದನ್ನು ಹೋಲಿಸುವಾಗ, ಜ್ವಾಲೆಯ ಶಾಖದಲ್ಲಿ ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುವುದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.