ಸ್ಟ್ಯಾಂಡರ್ಡ್ ಎರರ್ ಯಾಕೆ ಇಳಿಯುತ್ತದೆ: ದಾಳ ಹಾಕಿ ನೋಡಿದ ನನ್ನ ಅನುಭವ

ಸರಾಸರಿಯ ಸ್ಟ್ಯಾಂಡರ್ಡ್ ಎರರ್ ಅಂದರೆ σ/√n. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ n ಅಲ್ಲ, ಅದರ ವರ್ಗಮೂಲವೇ ಯಾಕೆ ಬರಬೇಕು ಅನ್ನೋದು ನನಗೆ ಮನಸ್ಸಿಗೆ ಹತ್ತಿದ್ದು ಒಂದು ದಾಳ ಇಟ್ಟುಕೊಂಡು ಲೆಕ್ಕ ಬಿಡಿಸಿದಾಗ. ಅದನ್ನೇ ಇಲ್ಲಿ ಬರೆಯುತ್ತೇನೆ.

ಒಂದು ದಾಳದ ಸರಾಸರಿ 3.5. ಒಂದು ಬಿದ್ದರೆ ಸರಾಸರಿಯಿಂದ 2.5 ಕೆಳಗೆ, ಆರು ಬಿದ್ದರೆ 2.5 ಮೇಲೆ, ಮೂರು ಅಥವಾ ನಾಲ್ಕು ಬಿದ್ದರೆ ಬರೀ ಅರ್ಧ ಆಚೀಚೆ. ಈ ಆರು ವ್ಯತ್ಯಾಸಗಳನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಸುಮಾರು 2.92, ಅದೇ ವೇರಿಯನ್ಸ್. ಅದರ ವರ್ಗಮೂಲ 1.71, ಅದು σ.

ಈಗ ಎರಡು ದಾಳ ಹಾಕೋಣ. ಮೊದಲನೆಯದರ ವ್ಯತ್ಯಾಸ a, ಎರಡನೆಯದರದ್ದು b. ಎರಡೂ ಕೂಡಿ ವರ್ಗ ಮಾಡಿದರೆ a² + b² + 2ab. ಇಡೀ ವಿಷಯ ಇರುವುದು ಆ ಕೊನೆಯ 2ab ಒಳಗೆ. ಮೊದಲನೇ ದಾಳ ಮೇಲೆ ಹೋದಾಗ ಎರಡನೆಯದೂ ಮೇಲೆ ಹೋಗಬೇಕು ಅಂತೇನಿಲ್ಲ, ಅಲ್ವಾ? ಹಾಗಾಗಿ ab ಒಮ್ಮೆ ಪ್ಲಸ್, ಒಮ್ಮೆ ಮೈನಸ್, ಮೂವತ್ತಾರು ಜೋಡಿಗಳನ್ನೂ ಬರೆದು ಕೂಡಿದರೆ ಸರಿಯಾಗಿ ಸೊನ್ನೆ. ಒಮ್ಮೆ ಕೈಯಲ್ಲೇ ಬರೆದು ನೋಡಿ, ಹತ್ತು ನಿಮಿಷದ ಕೆಲಸ.

ಉಳಿಯುವುದು a² + b² ಮಾತ್ರ. ಅಂದರೆ n ದಾಳಗಳ ಮೊತ್ತದ ವೇರಿಯನ್ಸ್ nσ², ಮೊತ್ತದ ಏರಿಳಿತ √n·σ. ಮೊತ್ತದ ಏರಿಳಿತ ಬೆಳೆಯುತ್ತಲೇ ಹೋಗುತ್ತದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಆದರೆ ಅದು √n ವೇಗದಲ್ಲಿ ಬೆಳೆಯುತ್ತದೆ, ಸರಾಸರಿಗಾಗಿ ನಾವು ಭಾಗಿಸುವುದು n ಇಂದ. ಭಾಗಿಸುವ ಸಂಖ್ಯೆ ಮುಂದೆ ಓಡುತ್ತದೆ, ಹಾಗಾಗಿ ಸರಾಸರಿಯ ಏರಿಳಿತ σ/√n ಆಗಿ ಇಳಿಯುತ್ತದೆ. ಒಂದೊಂದು ದಾಳ ಮಾತ್ರ ಮೊದಲಿನಷ್ಟೇ ಹಾರಾಡುತ್ತಿರುತ್ತದೆ: σ ಇಳಿಯುವುದಿಲ್ಲ, ಇಳಿಯುವುದು ಸರಾಸರಿಯ ಅಲುಗಾಟ.

ಇದನ್ನು ನಾನು ಯಾವಾಗಲೂ ಓಡಿಸಿ ನೋಡುತ್ತೇನೆ:

```python
import numpy as np
rng = np.random.default_rng()
for n in (4, 16, 64):
    m = rng.integers(1, 7, size=(10000, n)).mean(axis=1)
    print(n, m.std())
```

0.85, 0.43, 0.21ರ ಆಸುಪಾಸಿನ ಸಂಖ್ಯೆಗಳು ಬರುತ್ತವೆ. ಸ್ಯಾಂಪಲ್ ನಾಲ್ಕು ಪಟ್ಟಾದಾಗ ಎರರ್ ಅರ್ಧಕ್ಕೆ ಇಳಿಯಿತು. ಇನ್ನೊಂದು ಅರ್ಧ ಬೇಕೆಂದರೆ 256 ದಾಳ ಬೇಕು. ಡೇಟಾ ಸಂಗ್ರಹಿಸುವ ಖರ್ಚನ್ನು ಅಂದಾಜು ಮಾಡುವಾಗ ನಾನು ಮೊದಲು ನೋಡುವುದೇ ಇದನ್ನು.

ಈಗ ಸೂತ್ರ ಕೈಕೊಡುವ ಜಾಗ. ಅದೇ ಕೋಡಿನಲ್ಲಿ 32 ದಾಳ ಹಾಕಿ, ಪ್ರತಿಯೊಂದನ್ನೂ ಎರಡೆರಡು ಸಲ ಬರೆದುಕೊಳ್ಳಿ. ಪಟ್ಟಿಯಲ್ಲಿ 64 ಸಂಖ್ಯೆ ಇದೆ, ಸೂತ್ರ ಸುಮಾರು 0.21 ಅನ್ನುತ್ತದೆ. ಆದರೆ ಸರಾಸರಿ ನಿಜವಾಗಿ ಅಲುಗಾಡುವುದು 0.30ರಷ್ಟು. ಯಾಕೆಂದರೆ ನಕಲು ಮಾಡಿದ ಜೋಡಿಯಲ್ಲಿ b ಅಂದರೆ a ತಾನೇ. 2ab ಈಗ 2a² ಆಗಿ ಪೂರ್ತಿ ಉಳಿದುಬಿಡುತ್ತದೆ, ಒಂದನ್ನೊಂದು ಹೊಡೆದುಹಾಕುವ ಕೆಲಸ ನಡೆಯುವುದೇ ಇಲ್ಲ.

ನಿಜವಾದ ಡೇಟಾದಲ್ಲಿ ಯಾರೂ ಸುಮ್ನೆ ನಕಲು ಮಾಡುವುದಿಲ್ಲ, ಆದರೆ ಹತ್ತಿರತ್ತಿರ ಅಂಥದ್ದೇ ನಡೆಯುತ್ತದೆ. ನಾನು ಸೆನ್ಸರ್ ರೀಡಿಂಗುಗಳ ಜೊತೆ ಕೆಲಸ ಮಾಡುತ್ತೇನೆ. ಸೆಕೆಂಡಿಗೊಂದು ತಾಪಮಾನ ಬರೆದರೆ ಗಂಟೆಗೆ 3600 ರೀಡಿಂಗ್, ಅದರ ವರ್ಗಮೂಲ 60. ಎರರ್ ಅರವತ್ತರಲ್ಲೊಂದು ಭಾಗಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಈ ಸೆಕೆಂಡಿನ ತಾಪಮಾನ ಹಿಂದಿನ ಸೆಕೆಂಡಿನದ್ದನ್ನೇ ಹೋಲುತ್ತದಲ್ಲ, ಅದರಲ್ಲಿ ಹೊಸ ಸುದ್ದಿ ಬಹಳ ಕಡಿಮೆ.

ಇಂಥಲ್ಲಿ ನಾನು ರೀಡಿಂಗುಗಳನ್ನು ಸಾಲಾಗಿ ತುಂಡು ಮಾಡುತ್ತೇನೆ. ಮೊದಲು ಹತ್ತು ಸೆಕೆಂಡಿನ ತುಂಡು, ಆಮೇಲೆ ಒಂದು ನಿಮಿಷದ್ದು, ಎರಡು ನಿಮಿಷದ್ದು, ಹೀಗೆ. ಪ್ರತಿ ತುಂಡಿಗೂ ಒಂದು ಸರಾಸರಿ, ಆ ಸರಾಸರಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು ತುಂಡುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತೇನೆ. ರೀಡಿಂಗುಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ತುಂಡು ಎಷ್ಟೇ ಉದ್ದ ಇರಲಿ, ಉತ್ತರ ಹೆಚ್ಚುಕಡಿಮೆ ಒಂದೇ. ತುಂಡು ಉದ್ದವಾದಂತೆ ಉತ್ತರ ಏರುತ್ತಾ ಹೋದರೆ σ/√n ಎರರ್ ಅನ್ನು ಕಡಿಮೆ ತೋರಿಸುತ್ತಿದೆ ಅಂತ ಅರ್ಥ. ಏರಿಕೆ ನಿಂತು ಸಮತಟ್ಟಾದ ಕಡೆ ಬರುವ ಸಂಖ್ಯೆಯನ್ನೇ ನಾನು ವರದಿಯಲ್ಲಿ ಬರೆಯುವುದು. ಅದು ಸಮತಟ್ಟಾಗುವ ಮೊದಲೇ ತುಂಡುಗಳು ಬೆರಳೆಣಿಕೆಗೆ ಇಳಿದುಬಿಟ್ಟರೆ ಇನ್ನೂ ಜಾಸ್ತಿ ಹೊತ್ತು ಅಳೆಯಲೇಬೇಕು, ಸೆಕೆಂಡಿಗೆ ಹತ್ತು ರೀಡಿಂಗ್ ತೆಗೆದರೆ ಏನೂ ಉಪಯೋಗವಿಲ್ಲ.